ರಕ್ತದಾನ ಶಿಬಿರ: ತಿಂಡಿ ತಿಂದು ಬನ್ನಿ, ನಿಜ ಹೇಳಿ ಕೊಡಿ

2026ರ ಅಕ್ಟೋಬರ್ 1, ಗುರುವಾರ
ನೋಂದಣಿ: ಬೆಳಿಗ್ಗೆ 9ರಿಂದ ಮಧ್ಯಾಹ್ನ 1.30ರವರೆಗೆ
ರಕ್ತದಾನ: ಬೆಳಿಗ್ಗೆ 9.30ರಿಂದ ಮಧ್ಯಾಹ್ನ 2.30ರವರೆಗೆ
ಸ್ಥಳ: ಗ್ರಂಥಾಲಯದ ಪಕ್ಕದ ಸಭಾಂಗಣ, ನಮ್ಮ ಕಾಲೇಜು, ಸಾಲಗಾಮೆ ರಸ್ತೆ, ಹಾಸನ
ಆಯೋಜನೆ: ಕಾಲೇಜಿನ ಯುವ ರೆಡ್ ಕ್ರಾಸ್ ಘಟಕ
ರಕ್ತ ಸಂಗ್ರಹ: ಹಿಮ್ಸ್ ಆಸ್ಪತ್ರೆಯ ರಕ್ತನಿಧಿ

ಪೋಸ್ಟರ್‌ನಲ್ಲಿ ಜಾಗ ಸಾಲಲಿಲ್ಲ. ದಿನಾಂಕ ಮತ್ತು ಒಂದು ಕೆಂಪು ಹನಿಯ ಚಿತ್ರಕ್ಕೇ ಹಾಳೆ ಮುಗಿಯಿತು. ನೀವು ನಿಜವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಉದ್ದವಾಗಿದೆ, ಆದರೂ ಪೂರ್ತಿ ಓದಿ. ಸಭಾಂಗಣದ ಬಾಗಿಲಿನಿಂದ ಹಿಂದಿರುಗುವುದಕ್ಕಿಂತ ಇದು ಸುಲಭ.

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. 1975ರಿಂದ ದೇಶದಲ್ಲಿ ಆಚರಣೆಯಲ್ಲಿದೆ. ನಾವು ಆ ದಿನವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು: ಮರುದಿನ ಗಾಂಧಿ ಜಯಂತಿ, ರಜೆ. ರಕ್ತ ಕೊಟ್ಟವರು ಮನೆಯಲ್ಲಿ ಆರಾಮವಾಗಿ ಇರಬಹುದು. ಪಿತೃಪಕ್ಷದಲ್ಲಿ ಇಟ್ಟುಕೊಂಡಿದ್ದೀರಲ್ಲ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಪಿತೃಪಕ್ಷದಲ್ಲಿ ದಾನ ಮಾಡಬಾರದೆಂದು ಯಾವ ಹಿರಿಯರೂ ನಮಗೆ ಹೇಳಿಲ್ಲ, ಮಾಡಬೇಕೆಂದೇ ಹೇಳಿದ್ದಾರೆ.

ಇನ್ನು ಯಾರು ಕೊಡಬಹುದು ಎಂಬ ವಿಷಯ.

ವಯಸ್ಸು 18 ತುಂಬಿರಬೇಕು. ಅಂದರೆ 2008ರ ಅಕ್ಟೋಬರ್ 1ರಂದು ಅಥವಾ ಅದಕ್ಕೂ ಮೊದಲು ಹುಟ್ಟಿರಬೇಕು. ಮೊದಲ ವರ್ಷದ ಪದವಿಯಲ್ಲಿ 17ರವರು ಸಾಕಷ್ಟು ಮಂದಿ ಇದ್ದೀರಿ. ‘ಮುಂದಿನ ತಿಂಗಳು ಹದಿನೆಂಟಾಗುತ್ತದೆ’ ಎನ್ನುವ ಮಾತು ನಡೆಯುವುದಿಲ್ಲ, ತಂದೆತಾಯಿಯ ಒಪ್ಪಿಗೆ ಪತ್ರವೂ ನಡೆಯುವುದಿಲ್ಲ. ಆಧಾರ್ ಅಥವಾ ಹುಟ್ಟಿದ ದಿನಾಂಕ ಇರುವ ಬೇರೆ ಗುರುತಿನ ಚೀಟಿ ತನ್ನಿ. ಮೇಲಿನ ಮಿತಿ 65. ಮೊದಲ ಬಾರಿಗೆ ಕೊಡುವವರಾದರೆ 60. ಅಧ್ಯಾಪಕರು, ಕಚೇರಿ ಸಿಬ್ಬಂದಿ, ಪೋಷಕರು, ಕಾಲೇಜಿನ ಎದುರಿನ ಅಂಗಡಿಯವರು ಎಲ್ಲರಿಗೂ ಸ್ವಾಗತ.

ತೂಕ ಕನಿಷ್ಠ 45 ಕಿಲೋ. 45ರಿಂದ 55 ಕಿಲೋ ಇರುವವರಿಂದ 350 ಮಿ.ಲೀ. ತೆಗೆದುಕೊಳ್ಳುತ್ತಾರೆ, 55 ದಾಟಿದವರಿಂದ 450 ಮಿ.ಲೀ.ವರೆಗೆ. ಜೇಬಿನಲ್ಲಿ ಮೊಬೈಲ್, ಕೀಲಿಗೊಂಚಲು, ಹೆಗಲಲ್ಲಿ ಚೀಲ ಇಟ್ಟುಕೊಂಡು ತೂಕದ ಯಂತ್ರ ಹತ್ತಿದರೆ ನಮ್ಮ ಕಾರ್ಯಕರ್ತರು ಕೆಳಗಿಳಿಸುತ್ತಾರೆ. ಈ ಮಿತಿ ಇರುವುದು ರಕ್ತ ಪಡೆಯುವ ರೋಗಿಗಾಗಿ ಅಲ್ಲ, ಕೊಡುವ ನೀವು ತಲೆಸುತ್ತಿ ಬೀಳದಿರಲಿ ಎಂದು.

ಹಿಮೋಗ್ಲೋಬಿನ್ 12.5 ಗ್ರಾಂ ಇರಲೇಬೇಕು. ಹುಡುಗರಿಗೂ ಹುಡುಗಿಯರಿಗೂ ಒಂದೇ ಅಳತೆ. ಬೆರಳ ತುದಿಗೆ ಸೂಜಿ ಚುಚ್ಚಿ ಅಲ್ಲೇ ನೋಡುತ್ತಾರೆ. ಹಿಂದಿರುಗಬೇಕಾಗುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಅಡ್ಡಿಯಾಗುವುದು ಇದೇ. ಹಿಂದಿನ ರಾತ್ರಿ ಬೀಟ್‌ರೂಟ್ ರಸ ಕುಡಿದರೆ ಬೆಳಗಾಗುವಷ್ಟರಲ್ಲಿ ಏರುವ ಸಂಖ್ಯೆ ಅದಲ್ಲ. ಕಡಿಮೆ ಬಂದರೆ ಬೇಸರಪಡಬೇಡಿ. ರಕ್ತಹೀನತೆ ಇದೆಯೆಂದು ಖರ್ಚಿಲ್ಲದೆ ತಿಳಿಯಿತು ಎಂದುಕೊಂಡು ವೈದ್ಯರ ಬಳಿ ಹೋಗಿ. ಕಾಫಿಯ ಜಿಲ್ಲೆಯವರಾದ ನಮಗೆ ಕೇಳಲು ಹಿತವಲ್ಲದ ಸಂಗತಿ ಒಂದಿದೆ: ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ.

ರಕ್ತದೊತ್ತಡದ ಮೇಲಿನ ಅಂಕಿ 100ರಿಂದ 140, ಕೆಳಗಿನದು 60ರಿಂದ 90ರ ಒಳಗಿರಬೇಕು. ಮಾತ್ರೆ ತೆಗೆದುಕೊಳ್ಳುವ ಹಿರಿಯರೂ ಒತ್ತಡ ಹಿಡಿತದಲ್ಲಿದ್ದು, ಕಳೆದ 28 ದಿನಗಳಲ್ಲಿ ಮಾತ್ರೆ ಬದಲಾಗದಿದ್ದರೆ ಕೊಡಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ.

ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ವಿಶ್ವ ರಕ್ತದಾನಿಗಳ ದಿನವಾದ ಜೂನ್ 14ರಂದು ಎಲ್ಲಾದರೂ ಕೊಟ್ಟ ಹುಡುಗರು ಈಗ ಧಾರಾಳವಾಗಿ ಬರಬಹುದು. ಅದೇ ದಿನ ಕೊಟ್ಟ ಹುಡುಗಿಯರು ಅಕ್ಟೋಬರ್ 12ರವರೆಗೆ ಕಾಯಬೇಕು. ಆದ್ದರಿಂದ ಈ ಸಲ ನೀವು ಬಂದು ನೋಂದಣಿ ಮೇಜು ನೋಡಿಕೊಳ್ಳಿ, ಅಲ್ಲಿಗೆ ಜನ ಬೇಕಾಗಿದ್ದಾರೆ.

ಸದ್ಯಕ್ಕೆ ಕೊಡಬಾರದವರ ಪಟ್ಟಿ ದೊಡ್ಡದು, ಅದರಲ್ಲಿ ನಮ್ಮ ಕಾಲೇಜಿಗೆ ಹೆಚ್ಚು ತಾಗುವವುಗಳನ್ನು ಹೇಳುತ್ತೇವೆ. ಹಚ್ಚೆ ಹಾಕಿಸಿಕೊಂಡಿದ್ದರೆ, ಕಿವಿ ಮೂಗು ಚುಚ್ಚಿಸಿಕೊಂಡಿದ್ದರೆ ಒಂದು ವರ್ಷ. ಜಾತ್ರೆಯಲ್ಲಿ ಹಾಕಿಸಿಕೊಂಡ ಸಣ್ಣ ಹಚ್ಚೆಯೂ ಹಚ್ಚೆಯೇ. ಈ ಮಳೆಗಾಲದಲ್ಲಿ ಡೆಂಗಿ ಅಥವಾ ಚಿಕೂನ್‌ಗುನ್ಯಾ ಬಂದಿದ್ದರೆ ಪೂರ್ತಿ ಗುಣವಾದ ಮೇಲೆ 6 ತಿಂಗಳು. ಮಲೇರಿಯಾಕ್ಕೆ 3 ತಿಂಗಳು, ಟೈಫಾಯಿಡ್‌ಗೆ ಒಂದು ವರ್ಷ. ಅರಿವಳಿಕೆ ಕೊಟ್ಟು ಹಲ್ಲು ಕೀಳಿಸಿದ್ದರೆ 6 ತಿಂಗಳು, ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದರೆ ಒಂದು ವರ್ಷ. ನಾಯಿ ಕಚ್ಚಿ ರೇಬೀಸ್ ಲಸಿಕೆ ಹಾಕಿಸಿಕೊಂಡಿದ್ದರೆ ಅದಕ್ಕೂ ಒಂದು ವರ್ಷ. ಕಾಮಾಲೆ ಬಂದಿದ್ದವರು ಯಾವ ಬಗೆಯದು ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಹೆಪಟೈಟಿಸ್ ಬಿ ಅಥವಾ ಸಿ ಇದ್ದವರು ಎಂದೂ ಕೊಡುವಂತಿಲ್ಲ. ಮುಟ್ಟಿನ ದಿನಗಳಲ್ಲಿ ಬೇಡ. ಹಾಲೂಡಿಸುವ ತಾಯಂದಿರು ಮತ್ತು ಹೆರಿಗೆಯಾಗಿ ವರ್ಷ ತುಂಬದವರು ಕೊಡಬಾರದು. ಯಾವುದೇ ಮಾತ್ರೆ ನುಂಗುತ್ತಿದ್ದರೆ ಅದರ ಪಟ್ಟಿ ಹಿಡಿದು ಬನ್ನಿ, ‘ಬಿಳಿ ಬಣ್ಣದ್ದು, ಗುಂಡಗಿದೆ’ ಎಂದರೆ ವೈದ್ಯರಿಗೂ ಗೊತ್ತಾಗುವುದಿಲ್ಲ.

ಈಗ ಮುಖ್ಯ ಮಾತು. ಅರ್ಜಿಯಲ್ಲಿ ಕೆಲವು ಖಾಸಗಿ ಪ್ರಶ್ನೆಗಳಿವೆ. ಕಾಯಿಲೆಗಳ ಬಗ್ಗೆ, ಚುಚ್ಚಿಕೊಂಡ ಸೂಜಿಗಳ ಬಗ್ಗೆ, ದೈಹಿಕ ಸಂಬಂಧಗಳ ಬಗ್ಗೆ. ಸ್ನೇಹಿತರು ಪಕ್ಕದಲ್ಲಿ ಕುಳಿತು ಇಣುಕುತ್ತಿರುವಾಗ ಯಾರೂ ಅದಕ್ಕೆ ನಿಜ ಬರೆಯುವುದಿಲ್ಲ. ಅದಕ್ಕಾಗಿ ಈ ಸಲ ಅರ್ಜಿ ತುಂಬಲು ಒಬ್ಬೊಬ್ಬರಿಗೆ ಪ್ರತ್ಯೇಕ ಮೇಜು ಹಾಕುತ್ತಿದ್ದೇವೆ. ತುಂಬಿದ ಅರ್ಜಿಯನ್ನು ವೈದ್ಯರ ಕೈಗೇ ಕೊಡಿ, ನಮ್ಮ ಕಾರ್ಯಕರ್ತರು ಮುಟ್ಟುವುದಿಲ್ಲ. ಸಂಗ್ರಹಿಸಿದ ಪ್ರತಿ ಬಾಟಲಿಯನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗೆ ಪರೀಕ್ಷಿಸುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಯ ಕಣ್ಣಿಗೂ ಅದು ಬೀಳದೆ ಹೋಗಬಹುದು. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ನೀವು ಬರೆದ ಉತ್ತರ ಮಾತ್ರ. ಅನುಮಾನವಿದ್ದು ಪರೀಕ್ಷೆ ಮಾಡಿಸಿಕೊಳ್ಳಬೇಕಿದ್ದರೆ ಶಿಬಿರಕ್ಕೆ ಬರಬೇಡಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಗೋಪ್ಯವಾಗಿರುತ್ತದೆ.

ಹಣಕ್ಕಾಗಿ ರಕ್ತ ಮಾರುವವರು ಈ ದೇಶದಲ್ಲಿ ಒಂದು ಕಾಲಕ್ಕೆ ಇದ್ದರು. ದುಡ್ಡಿನ ಅಗತ್ಯ ಇದ್ದವನು ಕಾಯಿಲೆ ಮುಚ್ಚಿಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 1998ರ ಜನವರಿ 1ರಿಂದ ಅದು ನಿಷಿದ್ಧ. ಕಾಲೇಜುಗಳಲ್ಲಿ ಹಣದ ಜಾಗಕ್ಕೆ ಆಂತರಿಕ ಅಂಕ, ಹಾಜರಾತಿಗಳು ಬಂದು ಕುಳಿತರೆ ಫಲ ಅದೇ. ಆದ್ದರಿಂದ ನಮ್ಮ ಶಿಬಿರದಲ್ಲಿ ಅಂಕ ಇಲ್ಲ. ಹಾಜರಾತಿ ಇದೆ, ಆದರೆ ರಕ್ತ ಕೊಟ್ಟವರಿಗೂ ವೈದ್ಯರು ಬೇಡವೆಂದು ಕಳುಹಿಸಿದವರಿಗೂ ಒಂದೇ ಸಮ. ಯಾರನ್ನು ಏಕೆ ಕಳುಹಿಸಿದರು ಎಂದು ಯಾರೂ ಕೇಳುವುದಿಲ್ಲ, ನೀವೂ ಗೆಳೆಯರನ್ನು ಕೇಳಬೇಡಿ. ತರಗತಿಗೊಂದು ಗುರಿ, ಯಾವ ವಿಭಾಗ ಹೆಚ್ಚು ಎಂಬ ಪೈಪೋಟಿಯನ್ನೂ ಈ ಸಲ ಕೈಬಿಟ್ಟಿದ್ದೇವೆ. ವಾಣಿಜ್ಯ ವಿಭಾಗದವರು ಕ್ಷಮಿಸಬೇಕು.

ಸಮಯದ ಹಂಚಿಕೆ ಹೀಗಿದೆ. 9.30ರಿಂದ 11ರವರೆಗೆ ಅಂತಿಮ ವರ್ಷದವರು, 11ರಿಂದ 12.30ರವರೆಗೆ ಎರಡನೇ ವರ್ಷದವರು, 12.30ರಿಂದ 1.30ರವರೆಗೆ 18 ತುಂಬಿದ ಮೊದಲ ವರ್ಷದವರು. ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಹೊರಗಿನವರು ಯಾವಾಗಲಾದರೂ ಬರಬಹುದು. ನೋಂದಣಿಯಿಂದ ಬಿಸ್ಕತ್ತಿನವರೆಗೆ ಒಂದು ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ರಕ್ತ ತೆಗೆಯುವುದು ಹತ್ತು ನಿಮಿಷದ ಕೆಲಸ. 1.30ರ ನಂತರ ಬಂದವರನ್ನು ಸೇರಿಸಿಕೊಳ್ಳಲಾಗುವುದಿಲ್ಲ. ಪ್ಲೇಟ್‌ಲೆಟ್ ಬೇರ್ಪಡಿಸಬೇಕೆಂದರೆ ತೆಗೆದ ಕೆಲವೇ ಗಂಟೆಗಳಲ್ಲಿ ಚೀಲಗಳು ರಕ್ತನಿಧಿಯ ಯಂತ್ರ ಸೇರಬೇಕು. ಹೀಗಾಗಿ ವಾಹನ 3 ಗಂಟೆಗೆ ಹೊರಡುತ್ತದೆ. ಬೇರ್ಪಡಿಸಿದ ಪ್ಲೇಟ್‌ಲೆಟ್ ಐದೇ ದಿನ ಬಾಳುತ್ತದೆ. ಕೆಂಪು ಕಣಗಳು ಐದಾರು ವಾರ ಉಳಿಯುತ್ತವೆ, ಅಂದರೆ ಹಾಸನಾಂಬೆಯ ಬಾಗಿಲು ತೆರೆದು ಊರಿಗೆ ಜನ ಹರಿದುಬರುವ ದೀಪಾವಳಿಯ ಹೊತ್ತಿಗೂ ಆಸ್ಪತ್ರೆಯ ಕಪಾಟಿನಲ್ಲಿ ನಿಮ್ಮ ರಕ್ತ ಇರಬಹುದು. ಶಿರಾಡಿ ಘಾಟಿಯಲ್ಲಿ ಅಪಘಾತವಾದರೆ, ಹೆರಿಗೆಯಲ್ಲಿ ಯಾರಿಗಾದರೂ ರಕ್ತಸ್ರಾವ ಹೆಚ್ಚಾದರೆ ಅದಕ್ಕೆ ಕೆಲಸ ಬರುತ್ತದೆ.

ಬರುವ ಮೊದಲು: ಗುರುವಾರವಾದ್ದರಿಂದ ರಾಯರ ಉಪವಾಸ ಇರುವವರು ಈ ಶಿಬಿರ ಬಿಡಿ, ಅಥವಾ ಉಪವಾಸವನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುವುದಿಲ್ಲ. ಅಕ್ಕಿ ರೊಟ್ಟಿಯೋ ಇಡ್ಲಿಯೋ ತಿಂದು, ನೀರು ಚೆನ್ನಾಗಿ ಕುಡಿದು ಬನ್ನಿ. ಹಿಂದಿನ ರಾತ್ರಿ ನಿದ್ದೆ ಮಾಡಿ. ಮದ್ಯ ಸೇವಿಸಿ ಬಂದವರನ್ನು ಒಳಗೆ ಬಿಡುವುದಿಲ್ಲ. ತೋಳು ಸುಲಭವಾಗಿ ಮೇಲಕ್ಕೆ ಮಡಚುವಂಥ ಅಂಗಿ ಹಾಕಿ.

ಕೊಟ್ಟ ಮೇಲೆ ಹದಿನೈದಿಪ್ಪತ್ತು ನಿಮಿಷ ಕುಳಿತೇ ಇರಬೇಕು. ಹಣ್ಣಿನ ರಸ, ಬಿಸ್ಕತ್ತು, ಬಾಳೆಹಣ್ಣು ಇರುತ್ತದೆ. ಅದನ್ನು ಹಿಡಿದುಕೊಂಡು ಸೆಲ್ಫಿಗೆ ಓಡಬೇಡಿ, ತಲೆಸುತ್ತು ಬರುವುದು ಎದ್ದು ನಿಂತಾಗಲೇ. ತಲೆ ಹಗುರ ಎನಿಸಿದರೆ ಸಂಕೋಚವಿಲ್ಲದೆ ನೆಲದ ಮೇಲೇ ಮಲಗಿ, ಕಾಲು ಎತ್ತರದಲ್ಲಿಡಿ, ನಮ್ಮವರನ್ನು ಕೂಗಿ. ಆ ದಿನ ನೀರು, ಮಜ್ಜಿಗೆ ಹೆಚ್ಚು ಕುಡಿಯಿರಿ. ಸಂಜೆಯ ಕಬಡ್ಡಿ ಅಭ್ಯಾಸ, ಜಿಮ್, ತೋಟದ ಭಾರದ ಕೆಲಸ ಮರುದಿನದವರೆಗೆ ಬೇಡ. ದೂರದ ಬಸ್, ಲಾರಿ ಓಡಿಸುವವರು ಮುಂದಿನ ಪಾಳಿಗೆ 24 ಗಂಟೆ ಇದ್ದರೆ ಮಾತ್ರ ಕೊಡಿ. ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯಿಂದ ಬೈಕಿನಲ್ಲಿ ಬರುವವರು ಅಂದು ಬಸ್ಸಿನಲ್ಲಿ ಬನ್ನಿ. ಹಿಂದಿರುಗುವಾಗ ಬಸ್ ತುಂಬಿದ್ದರೆ ತೋಳಿನ ಪಟ್ಟಿ ತೋರಿಸಿ ಸೀಟು ಕೇಳಿ, ಕೊಡುತ್ತಾರೆ.

ಮೊದಲೇ ಹೆಸರು ಬರೆಸಲು ಸೆಪ್ಟೆಂಬರ್ 28ರಿಂದ 30ರವರೆಗೆ ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ ಗ್ರಂಥಾಲಯದ ಮುಂದಿನ ನಮ್ಮ ಮೇಜಿಗೆ ಬನ್ನಿ. ಹೆಸರು ಬರೆಸದವರೂ ಆ ದಿನ ನೇರವಾಗಿ ಬರಬಹುದು. ಕೊಡಬಹುದೋ ಇಲ್ಲವೋ ಎಂಬ ಅನುಮಾನವನ್ನು ಕೆಳಗೆ ಎಲ್ಲರೆದುರು ಕೇಳಬೇಡಿ, ಘಟಕದ ಖಾತೆಗೆ ಸಂದೇಶ ಕಳುಹಿಸಿ. ರಾತ್ರಿ 9ರವರೆಗೆ ಉತ್ತರಿಸುತ್ತೇವೆ.