ಅಧ್ಯಯನ ರಜೆ ಕೋರಿ ಮನವಿ

ದಿನಾಂಕ: 22 ಸೆಪ್ಟೆಂಬರ್ 2025

ಇವರಿಂದ:
ಸಹಶಿಕ್ಷಕಿ (ಗಣಿತ), ಪ್ರೌಢಶಾಲಾ ವಿಭಾಗ

ಇವರಿಗೆ:
ಮುಖ್ಯೋಪಾಧ್ಯಾಯರು, ಪ್ರೌಢಶಾಲಾ ವಿಭಾಗ

ಮಾನ್ಯರೇ,

ವಿಷಯ: 3 ನವೆಂಬರ್ 2025ರಿಂದ 6 ಡಿಸೆಂಬರ್ 2025ರವರೆಗೆ ಐದು ವಾರಗಳ ಅಧ್ಯಯನ ರಜೆ ಮತ್ತು ತರಗತಿಗಳ ಬದಲಿ ವ್ಯವಸ್ಥೆ ಕುರಿತು.

ದೂರಶಿಕ್ಷಣದ ಮೂಲಕ ನಾನು ಮಾಡುತ್ತಿರುವ ಗಣಿತ ಶಿಕ್ಷಣದ ಸ್ನಾತಕೋತ್ತರ ಪದವಿ ಈಗ ಕೊನೆಯ ಸೆಮಿಸ್ಟರ್‌ನಲ್ಲಿದೆ. ನವೆಂಬರ್ 3ರಿಂದ 15ರವರೆಗೆ ಸಂಪರ್ಕ ತರಗತಿಗಳಿದ್ದು, ಹಾಜರಾತಿ ಕಡ್ಡಾಯ. 22ರಂದು ಪ್ರಬಂಧ ಸಲ್ಲಿಸಬೇಕು, 26ರಂದು ಮೌಖಿಕ ಪರೀಕ್ಷೆ, ಡಿಸೆಂಬರ್ 1ರಿಂದ 5ರವರೆಗೆ ಲಿಖಿತ ಪರೀಕ್ಷೆ. ಹಿಂದಿನ ಸೆಮಿಸ್ಟರ್‌ಗಳ ಓದನ್ನು ರಜಾದಿನಗಳಲ್ಲೇ ಮುಗಿಸಿದ್ದೇನೆ. ಈ ದಿನಾಂಕಗಳು ಮಾತ್ರ ವಿಶ್ವವಿದ್ಯಾಲಯ ನಿಗದಿಪಡಿಸಿದವು. ನಡುವಿನ ದಿನಗಳಿಗಷ್ಟೇ ಬಂದು ಪಾಠ ಮಾಡುವುದನ್ನೂ ಯೋಚಿಸಿದೆ. ಆದರೆ ಒಂದು ಅಧ್ಯಾಯ ಇಬ್ಬರ ಕೈಯಲ್ಲಿ ಹೋಗಿ ಬರುವುದಕ್ಕಿಂತ ಪೂರ್ತಿಯಾಗಿ ಒಬ್ಬರ ಬಳಿ ಇರುವುದೇ ಮಕ್ಕಳಿಗೆ ಒಳ್ಳೆಯದು.

ನನ್ನ ಪ್ರಬಂಧದ ವಿಷಯ, ಬೀಜಗಣಿತದಲ್ಲಿ ಮಕ್ಕಳು ಮತ್ತೆ ಮತ್ತೆ ಮಾಡುವ ತಪ್ಪುಗಳು. (a + b)² = a² + b² ಎಂದು ಬರೆಯುವುದು, (x + 6)/3 ಅನ್ನು x + 2 ಎಂದು ಸರಳಗೊಳಿಸುವುದು, −3² ಮತ್ತು (−3)² ಒಂದೇ ಎಂದುಕೊಳ್ಳುವುದು ಬರೀ ಅಜಾಗರೂಕತೆಯಲ್ಲ. ಪ್ರತಿಯೊಂದರ ಹಿಂದೆಯೂ ಮಗು ತಾನೇ ಕಟ್ಟಿಕೊಂಡ ಒಂದು ನಿಯಮವಿರುತ್ತದೆ. ಅದನ್ನು ಗುರುತಿಸದೆ ಲೆಕ್ಕವನ್ನು ಹತ್ತು ಸಲ ಬರೆಸಿದರೂ ತಪ್ಪು ಉಳಿಯುತ್ತದೆ. ಈ ಅಧ್ಯಯನದಿಂದ ಸಿದ್ಧವಾಗುವ ತಪ್ಪುಪಟ್ಟಿ ಮತ್ತು ಪರಿಹಾರ ಬೋಧನೆಯ ಅಭ್ಯಾಸ ಹಾಳೆಗಳನ್ನು 8 ಮತ್ತು 9ನೇ ತರಗತಿಗಳಿಗೆ ಜನವರಿಯೊಳಗೆ ಒದಗಿಸುತ್ತೇನೆ.

ತರಗತಿಗಳ ವ್ಯವಸ್ಥೆ

ನನ್ನ ಕಾರ್ಯಭಾರ ವಾರಕ್ಕೆ 24 ಪೀರಿಯಡ್: 10ಎ, 10ಬಿ, 9ಎ ಮತ್ತು 8ಎ, ತಲಾ ಆರು. ಸಹೋದ್ಯೋಗಿಗಳೊಂದಿಗೆ ಮಾತನಾಡಿದ್ದು, ಅವರ ಒಪ್ಪಿಗೆ ಪತ್ರಗಳನ್ನು ಲಗತ್ತಿಸಿದೆ.

10ನೇ ತರಗತಿಯ ಎರಡೂ ವಿಭಾಗಗಳನ್ನು ಇನ್ನೊಬ್ಬ ಗಣಿತ ಶಿಕ್ಷಕರು ವಹಿಸಿಕೊಳ್ಳುತ್ತಾರೆ. ಅವರಿಗೂ ಈಗಾಗಲೇ 24 ಪೀರಿಯಡ್ ಇರುವುದರಿಂದ ಅವರ 7ಎ, 7ಬಿ ತರಗತಿಗಳನ್ನು (12 ಪೀರಿಯಡ್) ಬಿಡಿಸಿಕೊಡಬೇಕು. ಪದವಿಯಲ್ಲಿ ಗಣಿತ ಓದಿರುವ, ವಾರಕ್ಕೆ 18 ಪೀರಿಯಡ್ ಇರುವ ಭೌತಶಾಸ್ತ್ರ ಶಿಕ್ಷಕಿ 9ಎ ತೆಗೆದುಕೊಳ್ಳುತ್ತಾರೆ. ಉಳಿಯುವ 7ಎ, 7ಬಿ, 8ಎ ಸೇರಿ ವಾರಕ್ಕೆ 18 ಪೀರಿಯಡ್‌ಗಳಿಗೆ ಒಬ್ಬ ಅತಿಥಿ ಶಿಕ್ಷಕರು ಬೇಕು. ಇದೊಂದೇ ತಮ್ಮ ಮಂಜೂರಾತಿ ಬೇಕಿರುವ ಹೆಚ್ಚುವರಿ ಖರ್ಚು.

ಅತಿಥಿ ಶಿಕ್ಷಕರು ಸಿಗದಿದ್ದರೆ 8ಎ, 8ಬಿ ಸೇರಿಸಿ ಕೂರಿಸಬಹುದು ಎನ್ನಿಸಬಹುದು. 78 ಮಕ್ಕಳ ಕೊಠಡಿಯಲ್ಲಿ ನೋಟ್‌ಬುಕ್ ನೋಡಲಾಗದು, ಹೊಸ ಪಾಠ ನಿಲ್ಲದು. ಅಂಥ ಸಂದರ್ಭದಲ್ಲಿ ವಾರಕ್ಕೆ ಎರಡು ಪೀರಿಯಡ್ ಮಾತ್ರ ಪುನರಾವರ್ತನೆಗೆ ಸೇರಿಸಿ, ಉಳಿದ ನಾಲ್ಕನ್ನು ಭೌತಶಾಸ್ತ್ರ ಶಿಕ್ಷಕಿಯೇ ನಡೆಸಲು ಒಪ್ಪಿದ್ದಾರೆ. ಆಗ 7ನೇ ತರಗತಿಗೆ ಪ್ರಾಥಮಿಕ ವಿಭಾಗದಿಂದ ಒಬ್ಬರನ್ನು ನಿಯೋಜಿಸಬೇಕಾಗುತ್ತದೆ.

10ನೇ ತರಗತಿಯಲ್ಲಿ ವರ್ಗ ಸಮೀಕರಣಗಳನ್ನು ಅಕ್ಟೋಬರ್ 31ರೊಳಗೆ ಮುಗಿಸುತ್ತೇನೆ. ಅಧ್ಯಾಯದ ನಡುವೆ ಹಸ್ತಾಂತರ ಆಗದು. ಪ್ರತಿ ವಿಭಾಗಕ್ಕೆ ಸಿಗುವ 30 ಪೀರಿಯಡ್‌ಗಳನ್ನು ಹೀಗೆ ಹಂಚಿದೆ: ತ್ರಿಕೋನಮಿತಿಯ ಪ್ರಸ್ತಾವನೆ 12, ಅದರ ಅನ್ವಯಗಳು 7, ಸಂಖ್ಯಾಶಾಸ್ತ್ರ 8, ಕಿರುಪರೀಕ್ಷೆ 3. ಮಕ್ಕಳು ಎಡವುವ ಜಾಗಗಳನ್ನು ಪಾಠ ಯೋಜನೆಯ ಅಂಚಿನಲ್ಲೇ ಬರೆದಿದ್ದೇನೆ: sin A ಅನ್ನು sin × A ಎಂದು ಓದುವುದು, ಅವನತ ಕೋನವನ್ನು ಕ್ಷಿತಿಜ ರೇಖೆಯಿಂದ ಅಳೆಯದೆ ಲಂಬ ರೇಖೆಯಿಂದ ಗುರುತಿಸುವುದು. ಸರಾಸರಿಯಲ್ಲಿ ನೇರ ವಿಧಾನ ಗಟ್ಟಿಯಾದ ಮೇಲೆ ಮಾತ್ರ ಉಳಿದ ವಿಧಾನಗಳು.

ಬದಲಿ ಪೀರಿಯಡ್ ಬರೀ ಮೇಲ್ವಿಚಾರಣೆಯ ಪೀರಿಯಡ್ ಆಗದಿರಲಿ ಎಂದು ಪ್ರತಿ ತರಗತಿಗೂ ದಿನವಾರು ಪಾಠ ಹಂಚಿಕೆ, ಉತ್ತರಸಹಿತ ಅಭ್ಯಾಸ ಹಾಳೆಗಳು ಮತ್ತು ಹೆಚ್ಚಿನ ಗಮನ ಬೇಕಿರುವ ಮಕ್ಕಳ ಪಟ್ಟಿಯನ್ನು ಅಕ್ಟೋಬರ್ 27ಕ್ಕೆ ಕೊಡುತ್ತೇನೆ. 30 ಮತ್ತು 31ರಂದು 10 ಮತ್ತು 9ನೇ ತರಗತಿಗಳಲ್ಲಿ ಬದಲಿ ಶಿಕ್ಷಕರು ಪಾಠ ಮಾಡುತ್ತಾರೆ, ನಾನು ಹಿಂದಿನ ಬೆಂಚಿನಲ್ಲಿರುತ್ತೇನೆ. ಡಿಸೆಂಬರ್ 6ರ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮತ್ತು ಅಂಕ ಹಂಚಿಕೆ ತಮ್ಮ ಬಳಿ ಮೊಹರು ಮಾಡಿದ ಲಕೋಟೆಯಲ್ಲಿರುತ್ತದೆ. ನನ್ನ ನಾಲ್ಕೂ ತರಗತಿಗಳ ಮೌಲ್ಯಮಾಪನ ನನ್ನದೇ. ಸಹೋದ್ಯೋಗಿಗಳ ಮೇಲೆ ಹೊರಿಸುವುದಿಲ್ಲ. 8ರಂದು ಕೆಲಸಕ್ಕೆ ಹಾಜರಾಗಿ 13ರೊಳಗೆ ಅಂಕಗಳನ್ನು ದಾಖಲಿಸುತ್ತೇನೆ.

ಪೂರ್ಣ ಅವಧಿಗೆ ಅಧ್ಯಯನ ರಜೆ ಸಾಧ್ಯವಾಗದಿದ್ದರೆ, ಕಡಿಮೆ ಬೀಳುವ ದಿನಗಳನ್ನು ನನ್ನ ಗಳಿಕೆ ರಜೆಯಿಂದ ಹೊಂದಿಸಿಕೊಳ್ಳಲು ಒಪ್ಪಿಗೆಯಿದೆ. ಪರೀಕ್ಷಾ ದಿನಾಂಕ ಬದಲಾದರೆ ತಿಳಿದ ದಿನವೇ ಲಿಖಿತವಾಗಿ ತಿಳಿಸುತ್ತೇನೆ. ಸಂಪರ್ಕ ತರಗತಿಯ ಹಾಜರಾತಿ ಪತ್ರವನ್ನು ಹಿಂದಿರುಗಿದ ವಾರದಲ್ಲೇ ಸಲ್ಲಿಸುತ್ತೇನೆ. ಅತಿಥಿ ಶಿಕ್ಷಕರ ಆಯ್ಕೆಗೆ ಸಮಯ ಬೇಕಿರುವುದರಿಂದ ಅಕ್ಟೋಬರ್ 10ರೊಳಗೆ ತಮ್ಮ ಆದೇಶ ನೀಡಬೇಕಾಗಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸಹಶಿಕ್ಷಕಿ (ಗಣಿತ)

ಲಗತ್ತುಗಳು: ಸಂಪರ್ಕ ತರಗತಿ ಮತ್ತು ಪರೀಕ್ಷಾ ವೇಳಾಪಟ್ಟಿ, ಪ್ರಬಂಧ ಮಾರ್ಗದರ್ಶಕರ ಪತ್ರ, ಸಹೋದ್ಯೋಗಿಗಳ ಒಪ್ಪಿಗೆ ಪತ್ರ 2, ಪರಿಷ್ಕೃತ ವೇಳಾಪಟ್ಟಿಯ ಕರಡು.