ಶಬರಿ ಕಥೆಗೆ ಪೀಠಿಕೆ ಮತ್ತು ಮಂಗಳ

ರಾಮನವಮಿಯ ರಾತ್ರಿ, ಸುರೇಬಾನ ಹತ್ತಿರದ ಹಳ್ಳಿಯೊಂದರ ಹನುಮಪ್ಪನ ಗುಡಿ ಕಟ್ಟೆ. ಪೇಟಿ, ತಬಲಾ, ತಾಳ, ಕೀರ್ತನಕಾರರ ಕೈಯಲ್ಲಿ ಚಿಪಳಿ.

ಪೂರ್ವರಂಗ

(ಪೇಟಿ ಸುರ ಹಿಡಿಯುವವರೆಗೆ ಮಾತಿಲ್ಲ. ಮೊದಲ ಪದ್ಯ ತಾಳವಿಲ್ಲದೆ, ಭೂಪ ರಾಗದಲ್ಲಿ, ಬಿಡಿಸಿ ಬಿಡಿಸಿ. ಗಣಪತಿಗೂ ಶಾರದೆಗೂ ಸೇರಿ ಇದೊಂದೇ ಪದ್ಯ. ಸ್ತುತಿಯೇ ಅರ್ಧ ತಾಸು ನಡೆದರೆ ತಾಯಂದಿರು ಮಕ್ಕಳನ್ನು ಮಲಗಿಸಲು ಎದ್ದು ಹೋಗುತ್ತಾರೆ.)

ಸಿರಿಯ ಗಣಪನೆ ಮೊದಲ ವಂದಿತ
ಕರಿಯ ಮೊಗದವ ನಿನ್ನ ನೆನೆವೆನು
ಬರುವ ಕಥೆಯಲಿ ಕಲ್ಲು ಮುಳ್ಳುಗಳಿರದ ದಾರಿಯ ತಾ |
ಶರಣು ಶಾರದೆ ನಾಲಗೆಯ ಮೇ
ಲಿರಿಸು ಪಾದವ ನುಡಿಯು ಮಾಗಲಿ
ಮರದ ಕೊಂಬೆಯ ಬಾರಿ ಹಣ್ಣಿನ ಹಾಗೆ ಸವಿಯಾಗಿ ‖

(ಜಯಘೋಷ. ಸಭೆಯವರು ಒಟ್ಟಿಗೆ.)

ಸೀತಾಕಾಂತ ಸ್ಮರಣಂ, ಜಯ ಜಯ ರಾಮ!
ಪವನಸುತ ಹನುಮಾನ ಕೀ, ಜೈ!

(ಮಾತು)

ಕೂಡಿದ ಹಿರಿಯರಿಗೆ, ತಾಯಂದಿರಿಗೆ, ಕಟ್ಟಿ ತುದಿಗೆ ಕಾಲು ಇಳಿಬಿಟ್ಟು ಕುಂತ ಹುಡುಗರಿಗೆ ಶರಣು ಶರಣಾರ್ಥಿ. ಹನುಮಪ್ಪ, ನಿನಗ ಬ್ಯಾರೆ ಆಮಂತ್ರಣ ಬೇಕಾಗಿಲ್ಲ. ರಾಮಕಥಿ ಎಲ್ಲಿ ನಡೀತದ ಅಲ್ಲಿ ನೀ ಮೊದಲ ಬಂದು ಜಾಗಾ ಹಿಡೀತಿ. ಇವತ್ತಂತೂ ಕಥಿ ನಿನ್ನ ಕಟ್ಟಿಮ್ಯಾಲೇ ನಡದದ. ನಮ್ಮ ಗುರುಗಳು ಒಂದು ಮಾತು ಕಲಿಸಿದ್ರು: ಸಭಾದವರ ಪಾದಕ್ಕ ನಮಸ್ಕಾರ ಆಗೋತನಕ ಚಿಪಳಿ ಎತ್ತಬಾರದು.

(ತ್ರಿಪದಿ, ದಾದರಾ ತಾಳ, ಜನಪದದ ಧಾಟಿ)

ಅತ್ತಿತ್ತ ಆಡುವ ಲಾಳಿಯ ನಿಲ್ಲಿಸಿ
ಬುತ್ತಿ ಕಟ್ಟೂದ ಮರೆತೀರಿ | ಸಭೆಯವರ
ಸುತ್ತ ಕುಂತೀರಿ, ಶರಣೆಂಬೆ

ಕರಿನೆಲ ಉತ್ತವರ, ಗಿರಿಯಾಗ ಮೇಸವರ
ಅರಿವುಳ್ಳ ಮಂದಿ ಕೂಡೀರಿ | ತಪ್ಪಿದರ
ಕರೆದೊಂದು ಮಾತು ತಿದ್ದೀರಿ

(ಮಾತು. ಚಿಪಳಿ ಕೆಳಗಿಟ್ಟು, ಮಾತಾಡಿದಂತೆ.)

ಇವತ್ತಿನ ಕಥಿ ಯಾರದು? ಅಯೋಧ್ಯಾದ ಪಟ್ಟಾಭಿಷೇಕದ್ದಲ್ಲ. ಲಂಕಾದ ಯುದ್ಧದ್ದೂ ಅಲ್ಲ. ಒಬ್ಬಾಕಿ ಮುದುಕಿ, ಬ್ಯಾಡರ ಮನೀ ಮಗಳು. ಮತಂಗ ಋಷಿಗಳ ಆಶ್ರಮದಾಗ ಕಸಾ ಹೊಡದು, ಕಟಗಿ ಆರಿಸಿ, ಗುರುಗಳು ಹೋದ ಮ್ಯಾಲೂ ಅಲ್ಲೇ ಕುಂತಾಕಿ. ಇಲ್ಲಿಂದ ಗುಡ್ಡದ ಕಡೆ ಹೋದ್ರ ಶಬರಿಕೊಳ್ಳ. ಆಕಿ ಗುಡಿ ಅಲ್ಲೇ ಅದ. ಆನೆಗುಂದಿ ಕಡೆಯವರು ಪಂಪಾಸರೋವರ ತೋರಿಸಿ ‘ಶಬರಿ ನಮ್ಮಾಕಿ’ ಅಂತಾರ. ಅನ್ಲಿ. ಇಂಥಾ ಮುದುಕಿ ನಮ್ಮಾಕಿ ಅನ್ನಾಕ ಎರಡೂರಿನವರು ಜಗಳಾಡಿದ್ರ ಆಕೀಗೇನು ಕಡಿಮಿ ಆಗೂದಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡತೇನಿ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಾಗ ಶಬರಿ ರಾಮನಿಗೆ ಕಾಡಿನ ಹಣ್ಣು-ಹಂಪಲ ಕೊಟ್ಟಾಳ, ಖರೆ. ಎಂಜಲ ಮಾಡಿ ಕೊಟ್ಟಳು ಅನ್ನೂದು ಅಲ್ಲಿಲ್ಲ. ಅದನ್ನ ಆಮ್ಯಾಲೆ ಭಕ್ತರು ಸೇರಿಸಿದ್ರು. ಪಂಡಿತರು ಇದ್ರ ಸಿಟ್ಟಾಗಬ್ಯಾಡ್ರಿ, ನಾ ಸೇರಿಸಿದ್ದನ್ನೇ ಹೇಳಾವ. ಯಾಕಂದ್ರ ಹುಳಿ ಹಣ್ಣು ಯಾವುದು, ಸಿಹಿ ಯಾವುದು ಅಂತ ಕಚ್ಚಿ ನೋಡದೇನ ಮಗನ ಕೈಯಾಗ ಕೊಟ್ಟ ತಾಯಿ ಈ ಸಭಾದಾಗ ಒಬ್ಬಾಕೀನೂ ಇರ್ಲಿಕ್ಕಿಲ್ಲ. ಬಾರಿ ಹಣ್ಣಿನ ದಿನ ಸಂಕ್ರಾಂತಿ ಸುತ್ತ ಮುತ್ತ. ಈಗ ಚೈತ್ರ, ಕೇಳಿದ್ರೂ ಸಿಗೂದಿಲ್ಲ. ಅದಕ್ಕ ಇವತ್ತ ಪಾನಕದ ಮ್ಯಾಲೇ ಕೆಲಸ ಸಾಗಿಸೋಣು.

(ಪದ. ಕೆಹರವಾ ತಾಳ. ಪಲ್ಲವಿ ಎರಡು ಸಲ ಹೇಳಿದ ಮೇಲೆ ಸಭೆ ಹಿಡಿಯಬೇಕು. ಹಿಡಿಯದಿದ್ದರೆ ಮೂರನೇ ಸಲ ತಬಲಾ ನಿಲ್ಲಿಸಿ, ಬರೀ ಚಪ್ಪಾಳೆಯಲ್ಲಿ ಹೇಳಿಸುವುದು.)

ಬಾರೋ ರಘುರಾಮ ನಮ್ಮ ಕೊಳ್ಳಕ ಬಾರೋ
ದಾರಿ ಕಾಯುತ ಕುಂತ ಮುದುಕಿಯ ಮಾರಿ ನೋಡಲು ಬಾರೋ ‖ಪ‖

ಮುಂಜಾನೆ ಅಂಗಳ ಉಡುಗಿ ನೀರ ಹೊಡೆದಾಳೋ
ಸಂಜೀಗೆ ಮತ್ತೊಮ್ಮೆ ಉಡುಗಿ ಕುಂತಾಳೋ
ಇಂದ ಬಂದಾನಂತ, ಇಲ್ಲ ನಾಳೆ ಬಂದಾನಂತ
ಒಂದ ಮಾತನು ದಿನವು ಗಿಡಕ ಹೇಳ್ಯಾಳೋ ‖೧‖

ಎಲಿ ಉದುರಿ ಸಪ್ಪಳಾದ್ರ ಎದ್ದು ನಿಂತಾಳೋ
ಕೋಲೂರಿ ತಿರುವಿನತನಕ ಹೋಗಿ ಬಂದಾಳೋ
ನಡುಬಾಗಿ ಹೋದಾಕಿ, ಕಣ್ಣ ಮಂಜಾದಾಕಿ
ಗುರು ಕೊಟ್ಟ ಮಾತೊಂದ ಸೆರಗಿಗೆ ಕಟ್ಯಾಳೋ ‖೨‖

(ಕೊನೆಯ ಸಾಲು ಮೂರು ಸಲ, ಮೂರನೆಯದಕ್ಕೆ ತಬಲಾದವರು ತಿಹಾಯಿ ಹಾಕಿ ನಿಲ್ಲಿಸಲಿ. ಅಲ್ಲಿಂದ ನೇರ ಕಥೆ: ‘ಆ ಆಶ್ರಮ ಹ್ಯಾಂಗಿತ್ತಪಾ ಅಂದ್ರ…’)

ಮಂಗಳ

(ಶಬರಿ ರಾಮನ ಮುಂದೆ ದೇಹ ಬಿಟ್ಟ ಮೇಲೆ ಪೇಟಿ ಒಂದು ಗಳಿಗೆ ಸುರ ಬಿಡದೆ ಹಿಡಿದಿರಲಿ. ಕೀರ್ತನಕಾರರು ಕಣ್ಣು ಒರೆಸಿಕೊಳ್ಳುವ ಅಭಿನಯ ಮಾಡುವುದು ಬೇಡ. ಸಭೆ ತಾನೇ ಒರೆಸಿಕೊಳ್ಳುತ್ತದೆ. ಭೈರವಿ.)

(ಮಾತು)

ಕಥಿ ಕೇಳಿದವರಿಗೆ ಫಲ ಏನು? ಬಂಗಾರ ಸಿಗತದ, ರೋಗ ಹೋಗತದ ಅಂತ ನಾ ಹೇಳೂದಿಲ್ಲ. ಕೈ ಮುಗದು ಬೇಡಕೋಳಾಕ ಮಾತ್ರ ಬರತದ ನನಗ. ನೀವೂ ಕೈ ಮುಗೀರಿ. ಪ್ರತಿ ಪದ್ಯಕ್ಕ ‘ಹೌದು ತಂದೆ’ ಅನ್ರಿ.

ಮಳಿರಾಯ ವ್ಯಾಳೆಕ್ಕ ಕರಿನೆಲಕ ಇಳಿಯಲಿ
ಹೊಳಿ ತುಂಬಿ ಹರಿಯಲಿ ಮಲಪ್ರಭೆ | ದಂಡಿಯ
ಒಳಗ ಇರಲವ್ವ, ಹೊರಗಲ್ಲ

(ಇಲ್ಲಿ ‘ಹೌದು ತಂದೆ’ ಜೋರಾಗಿಯೇ ಬರುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಮನೆಯೊಳಗೆ ಬಂದದ್ದನ್ನು ಈ ದಂಡೆಯವರಿಗೆ ನೆನಪು ಮಾಡಿಕೊಡಬೇಕಿಲ್ಲ. ಕೂಗು ಇಳಿಯುವ ತನಕ ಮುಂದಿನ ಪದ್ಯ ಎತ್ತಬಾರದು.)

ಮಗ್ಗದ ಎಳಿಯೊಂದು ಹರಿಯದಂತಿರಲವ್ವ
ಒಗ್ಗೂಡಿ ಬರಲಿ ನೂಲ್ ಬಣ್ಣ | ಪ್ಯಾಟ್ಯಾಗ
ತಗ್ಗದೆ ಇರಲಿ ಸೀರಿ ಬೆಲಿ

ಬರೆಯುವ ಮಕ್ಕಳಿಗೆ ಮರೆವು ಬಾರದೆ ಇರಲಿ
ಕರೆದಾಗ ಬರಲಿ ಓದಿದ್ದು | ಫಲ ಬಂದ
ಮರುದಿನ ಮನಿಯಾಗ ನಗು ಇರಲಿ

(ಮುಂದಿನದನ್ನು ತಾಳವಿಲ್ಲದೆ, ನಿಧಾನ. ಮಕ್ಕಳು ದುಡಿಯಲು ಗೋವಾ, ಪುಣೆ ಕಡೆ ಹೋದ ತಾಯಂದಿರು ಎದುರಿಗೇ ಕೂತಿರುತ್ತಾರೆ. ಯಾರ ಮುಖವನ್ನೂ ನೋಡದೆ, ಗುಡಿಯ ದೀಪದ ಕಡೆ ನೋಡಿ ಹಾಡುವುದು.)

ಕಾಯುವ ಮುದುಕೇರು ಊರೂರಿಗಿದ್ದಾರ
ತಾಯೆಂದು ಫೋನು ಬರಲಪ್ಪ | ಹಬ್ಬಕ್ಕ
ನೋಯುವ ಕಣ್ಣು ಮಗನ ಕಾಣಲಿ

(ಈಗ ಎಲ್ಲರೂ ಏಳಬೇಕು. ಆರತಿ ತಟ್ಟೆ ಗುಡಿಯೊಳಗಿಂದ ಬರಲಿ. ಜಾಗಟೆ, ಗಂಟೆ. ಲಯ ಏರಿಸಿ.)

ಮಂಗಳ ಬಂದವಗೆ, ರಘುಕುಲ ಚಂದಿರಗೆ
ಮಂಗಳ ಕಾದವಳಿಗೆ, ಕೊಳ್ಳದ ಶಬರಿಗೆ
ಜಯ ಮಂಗಳಂ, ನಿತ್ಯ ಶುಭ ಮಂಗಳಂ ‖ಪ‖

ಕಾಡಿನ ಹಾದಿಯಲಿ ಜೋಡಾಗಿ ನಡೆದಂಥ
ತಮ್ಮ ಲಕ್ಷ್ಮಣನಿಗೆ ಜಯ ಮಂಗಳಂ
ಬೇಡರ ಮಗಳಿಗೆ ಆಸರೆ ಕೊಟ್ಟಂಥ
ಮತಂಗ ಗುರುವಿಗೆ ಶುಭ ಮಂಗಳಂ ‖೧‖

ಕಟ್ಟೆಯ ಹನುಮಗೆ, ಕೂಡಿದ ಸಭೆಗೆ
ಪೇಟಿಯ ಸುರಕೆ, ತಬಲದ ಬೆರಳಿಗೆ
ಎಣ್ಣೆಯ ಎರೆದಂಥ ತಾಯಂದಿರಾ ಕೈಗೆ
ಜಯ ಮಂಗಳಂ, ನಿತ್ಯ ಶುಭ ಮಂಗಳಂ ‖೨‖

ಜಾನಕೀಜೀವನ ಸ್ಮರಣಂ, ಜಯ ಜಯ ರಾಮ!
ನಮಃ ಪಾರ್ವತೀಪತಯೇ, ಹರ ಹರ ಮಹಾದೇವ!

(ಮಾತು, ಆರತಿ ತಿರುಗುತ್ತಿರುವಾಗ)

ತಟ್ಟೆಯೊಳಗ ಬಿದ್ದ ರೊಕ್ಕ ಗುಡಿ ಎಣ್ಣಿಗೆ. ನನ್ನ ಸಂಭಾವನಿ ಊರ ಹಿರಿಯರು ನೋಡಕೋತಾರ, ಅದರ ಚಿಂತಿ ನಿಮಗ ಬ್ಯಾಡ. ಪಾನಕ, ಕೋಸಂಬರಿ ಎಡಗಡಿ ಪಡಸಾಲ್ಯಾಗ ಇಟ್ಟಾರ. ಮೊದಲ ಸಣ್ಣ ಹುಡುಗರಿಗೆ ಕೊಡ್ರಿ. ಪರೀಕ್ಷಾ ಇದ್ದವರು ಹೊರಡ್ರಿ, ಮೈಕ್ ಈಗ ಬಂದ್ ಮಾಡತೇವಿ.