ನೀರಿನ ಸಮೀಕ್ಷೆಯ ಪೈ ಚಾರ್ಟ್: ಒಟ್ಟು ಶೇ. 179 ಆಗಿರುವುದರ ಬಗ್ಗೆ ವಿವರಣೆ

ಬಡಾವಣೆಯ ಎಲ್ಲ ನಿವಾಸಿಗಳಿಗೆ ನಮಸ್ಕಾರ.

ನಮ್ಮ ಬಡಾವಣೆಯ ಬೇಸಿಗೆ ನೀರಿನ ಸಮೀಕ್ಷೆಯ ಫಲಿತಾಂಶವೆಂದು ಒಂದು ಪೈ ಚಾರ್ಟಿನ ಸ್ಕ್ರೀನ್‌ಶಾಟ್ ಎಲ್ಲರ ಮೊಬೈಲಿಗೂ ತಲುಪಿದೆ. ಅದರಲ್ಲಿ ಬಾವಿ ಶೇ. 63, ನಗರಸಭೆಯ ನಳ್ಳಿ ಶೇ. 58, ಟ್ಯಾಂಕರ್ ಶೇ. 30, ಕೊಳವೆಬಾವಿ ಶೇ. 21, ಕ್ಯಾನ್ ನೀರು ಶೇ. 7 ಎಂದು ಬರೆದಿದೆ. ಇವನ್ನು ಕೂಡಿಸಿ ನೋಡಿದ ಕೆಲವರು, ಒಟ್ಟು 179 ಬರುವುದರಿಂದ ಸಮೀಕ್ಷೆಯ ಲೆಕ್ಕವೇ ತಪ್ಪಿರಬೇಕೆಂದು ಹೇಳಿದ್ದಾರೆ. ಇನ್ನು ಕೆಲವರು ಅಂಕಿಗಳನ್ನು ಬದಿಗಿಟ್ಟು ಚಿತ್ರವನ್ನಷ್ಟೇ ನೋಡಿ, ಟ್ಯಾಂಕರಿನ ಕೆಂಪು ಹೋಳು ವೃತ್ತದ ಆರನೆಯ ಒಂದು ಭಾಗದಷ್ಟೇ ಇರುವುದರಿಂದ ನಗರಸಭೆಗೆ ಕೊಡುವ ಮನವಿಯಲ್ಲಿ ಟ್ಯಾಂಕರಿನ ವಿಷಯವನ್ನು ಕೈಬಿಡಬಹುದೆಂದು ಸೂಚಿಸಿದ್ದಾರೆ. ಉತ್ತರ ಪತ್ರಿಕೆಗಳನ್ನು ಪರಿಶೀಲಿಸಿ ವಿವರಣೆ ಬರೆಯುವಂತೆ ಸಮಿತಿಯು ನನ್ನನ್ನು ಕೇಳಿಕೊಂಡಿತು. ಅವುಗಳನ್ನು ಪೂರ್ತಿಯಾಗಿ ನೋಡಿದ ಮೇಲೆ ಹೇಳಬೇಕಾದದ್ದು ಇಷ್ಟು: ಐದು ಶೇಕಡಾವಾರುಗಳೂ ಸರಿಯಾಗಿಯೇ ಇವೆ, ಅವುಗಳನ್ನು ವೃತ್ತದೊಳಗೆ ಹಾಕಿದ್ದು ಸರಿಯಲ್ಲ.

ಸಮೀಕ್ಷೆಯ ಪ್ರಶ್ನೆಯನ್ನು ನೆನಪಿಸಿಕೊಂಡರೆ ಕಾರಣ ತಿಳಿಯುತ್ತದೆ. “ಏಪ್ರಿಲ್–ಮೇ ತಿಂಗಳುಗಳಲ್ಲಿ ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ? ಅನ್ವಯಿಸುವ ಎಲ್ಲದಕ್ಕೂ ಗುರುತು ಹಾಕಿ” ಎಂದು ಕೇಳಲಾಗಿತ್ತು. ಉಡುಪಿಯಲ್ಲಿ ಒಂದೇ ಮೂಲವನ್ನು ನಂಬಿ ಬೇಸಿಗೆ ಕಳೆಯುವ ಮನೆಗಳು ಕಡಿಮೆ. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದು ನಳ್ಳಿ ನೀರು ಸರದಿಯಂತೆ ಬರತೊಡಗಿದರೆ ಹಿತ್ತಿಲಿನ ಬಾವಿಗೆ ಪಂಪು ಹಾಕುತ್ತೇವೆ. ಮುರಕಲ್ಲಿನ ಗುಡ್ಡದ ಮೇಲಿರುವ ಬಾವಿಗಳು ಮಳೆಗಾಲದಲ್ಲಿ ತುಂಬಿದ್ದರೂ ಬೇಸಿಗೆಗೆ ಬತ್ತುವುದುಂಟು, ಆಗ ಟ್ಯಾಂಕರಿಗೆ ಫೋನು ಮಾಡುತ್ತೇವೆ. ಹೀಗಾಗಿ ಒಂದೇ ಮನೆಯವರು ಎರಡು, ಕೆಲವೊಮ್ಮೆ ಮೂರು ಗುರುತು ಹಾಕಿದ್ದಾರೆ. ಉತ್ತರಿಸಿದ ಮನೆಗಳು 240. ಬಿದ್ದ ಗುರುತುಗಳು 429. ಬಾವಿಗೆ 151, ನಳ್ಳಿಗೆ 139, ಟ್ಯಾಂಕರಿಗೆ 72, ಕೊಳವೆಬಾವಿಗೆ 50, ಕ್ಯಾನ್ ನೀರಿಗೆ 17 ಗುರುತುಗಳು ಬಂದಿವೆ. ಪ್ರತಿಯೊಂದನ್ನೂ 240 ಮನೆಗಳಿಂದ ಭಾಗಿಸಿದಾಗ ಮೇಲಿನ ಶೇಕಡಾವಾರುಗಳೇ ಸಿಗುತ್ತವೆ. ಅಂದರೆ “ಶೇ. 63” ಎಂಬುದಕ್ಕೆ ನೂರರಲ್ಲಿ 63 ಮನೆಗಳವರು ಬಾವಿಯ ನೀರನ್ನೂ ಬಳಸುತ್ತಾರೆ ಎಂದು ಅರ್ಥವೇ ಹೊರತು, ನಮ್ಮ ಬಡಾವಣೆಯ ನೀರಿನಲ್ಲಿ ಶೇ. 63ರಷ್ಟು ಬಾವಿಯದ್ದು ಎಂದಲ್ಲ. ಇಂಥ ಉತ್ತರಗಳನ್ನು ಕೂಡಿಸಿ 100 ಬರಬೇಕೆಂದು ನಿರೀಕ್ಷಿಸುವುದಕ್ಕೆ ಆಧಾರವಿಲ್ಲ.

ದಶಮಾಂಶಗಳನ್ನು ಪೂರ್ಣಾಂಕಕ್ಕೆ ತಂದಾಗ ಉಳಿದ ಚಿಲ್ಲರೆಯಿಂದ ಹೀಗಾಗಿರಬಹುದೇ ಎಂದು ಒಬ್ಬರು ಕೇಳಿದ್ದರು. ಅಂಥ ವ್ಯತ್ಯಾಸ ಸಹಜವಾದದ್ದು, ಆದರೆ ಬಹಳ ಸಣ್ಣದು. ಒಂದೊಂದು ಅಂಕಿಯಲ್ಲಿ ಹೆಚ್ಚೆಂದರೆ ಅರ್ಧ ಅಂಶ ಏರುಪೇರಾಗುತ್ತದೆ. ಐದು ಅಂಕಿಗಳು ಸೇರಿದರೂ ಎರಡೂವರೆ ಅಂಶವನ್ನು ಮೀರುವುದಿಲ್ಲ. ನಮ್ಮ ಲೆಕ್ಕದಲ್ಲಿಯೇ 429ನ್ನು 240ರಿಂದ ಭಾಗಿಸಿದರೆ ಶೇ. 178.75 ಬರುತ್ತದೆ, ಚಾರ್ಟಿನ ಅಂಕಿಗಳನ್ನು ಕೂಡಿಸಿದರೆ 179. ಪೂರ್ಣಾಂಕ ಮಾಡಿದ್ದರಿಂದ ಆದ ವ್ಯತ್ಯಾಸ ಆ ಕಾಲು ಅಂಶ ಮಾತ್ರ. ಯಾವುದೇ ಚಾರ್ಟಿನಲ್ಲಿ 99 ಅಥವಾ 101 ಕಂಡರೆ ಗಾಬರಿಯಾಗಬೇಕಿಲ್ಲ. 179 ಕಂಡಾಗ ಮಾತ್ರ ಪ್ರಶ್ನೆಯನ್ನು ಹೇಗೆ ಕೇಳಿದ್ದರು ಎಂದು ಹುಡುಕಲೇಬೇಕು.

ಈಗ ಚಿತ್ರದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಮನವಿಯಲ್ಲಿ ಏನಿರಬೇಕು ಎಂಬ ನಿರ್ಧಾರ ಇದರ ಮೇಲೆ ನಿಂತಿದೆ. ಸ್ಕ್ರೀನ್‌ಶಾಟಿನ ನೀಲಿ ಹೋಳನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಅದರ ಮೇಲೆ ಶೇ. 63 ಎಂದಿದೆ. ಶೇ. 63 ಎಂದರೆ ಅರ್ಧಕ್ಕಿಂತ ಹೆಚ್ಚು. ವೃತ್ತದ 360 ಡಿಗ್ರಿಗಳಲ್ಲಿ ಸುಮಾರು 227 ಡಿಗ್ರಿಯನ್ನು ಅದು ಆವರಿಸಬೇಕಿತ್ತು. ಚಿತ್ರದಲ್ಲಿ ಅದು ಅರ್ಧವೃತ್ತವನ್ನೂ ತಲುಪಿಲ್ಲ, ಸುಮಾರು 127 ಡಿಗ್ರಿಯಲ್ಲಿ ನಿಂತಿದೆ. ಕೊಟ್ಟ ಅಂಕಿಗಳ ಮೊತ್ತ ಎಷ್ಟೇ ಆಗಿರಲಿ, ಕಂಪ್ಯೂಟರ್ ಆ ಮೊತ್ತವನ್ನೇ ಪೂರ್ಣ ವೃತ್ತವೆಂದು ಭಾವಿಸಿ ಹಂಚುತ್ತದೆ. ಆದ್ದರಿಂದ ಇಲ್ಲಿ 179 ಎಂಬುದು ಇಡೀ ವೃತ್ತವಾಯಿತು. 63 ಅದರ ಸುಮಾರು ಶೇ. 35 ಆಗಿ ಕುಗ್ಗಿತು. ಬರೆದ ಅಂಕಿ ಮನೆಗಳ ಲೆಕ್ಕವನ್ನು ಹೇಳುತ್ತಿದೆ, ಹೋಳಿನ ಗಾತ್ರ ಗುರುತುಗಳ ಲೆಕ್ಕವನ್ನು ಹೇಳುತ್ತಿದೆ, ಓದುವವರಿಗೆ ಎರಡೂ ಒಂದೇ ಎಂಬಂತೆ ಕಾಣುತ್ತಿದೆ.

ಟ್ಯಾಂಕರಿನ ಹೋಳಿಗೂ ಇದೇ ಆಗಿದೆ. ಶೇ. 30ಕ್ಕೆ 108 ಡಿಗ್ರಿ ಸಲ್ಲಬೇಕಿದ್ದಲ್ಲಿ ಸುಮಾರು 60 ಡಿಗ್ರಿ ಸಿಕ್ಕಿದೆ. ಆ ಹೋಳನ್ನು ಕಣ್ಣಳತೆಯಲ್ಲಿ ನೋಡಿದವರು “ಆರರಲ್ಲಿ ಒಂದು ಪಾಲು, ಅಂದರೆ ಸುಮಾರು 40 ಮನೆ” ಎಂದುಕೊಂಡರೆ ಅದು ಅವರ ತಪ್ಪಲ್ಲ. ಚಿತ್ರ ಹೇಳುತ್ತಿರುವುದೇ ಅದನ್ನು. ನಿಜವಾಗಿ ಟ್ಯಾಂಕರ್ ತರಿಸುವ ಮನೆಗಳು 72. ಹಣ ಕೊಟ್ಟು, ಸರದಿ ಕಾದು, ಕೊಡಪಾನ ತುಂಬಿಸಿಟ್ಟುಕೊಳ್ಳುವ 30ಕ್ಕೂ ಹೆಚ್ಚು ಮನೆಗಳು ಒಂದು ಚಿತ್ರದ ಕಾರಣದಿಂದ ನಮ್ಮ ಚರ್ಚೆಯಿಂದಲೇ ಮರೆಯಾಗುವುದನ್ನು ನಾನು ಒಪ್ಪಲಾರೆ. ಈ 72ರಲ್ಲಿ 44 ಮನೆಗಳವರು ಬಾವಿಗೂ ಗುರುತು ಹಾಕಿದ್ದಾರೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. “ಬಾವಿ ಇರುವವರಿಗೆ ತೊಂದರೆಯಿಲ್ಲ” ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಆ 44 ಮನೆಗಳ ಉತ್ತರ ಹಾಗೆ ಹೇಳುವುದಿಲ್ಲ. ಪ್ರತಿಯೊಂದು ಮೂಲವನ್ನೂ ಬೇರೆ ಬೇರೆ ಹೋಳಾಗಿ ತೋರಿಸುವ ವೃತ್ತದಲ್ಲಿ ಈ ಸಂಗತಿಗೆ ಜಾಗವೇ ಇಲ್ಲ.

ಪೈ ಚಾರ್ಟನ್ನು ಮೊದಲು ಮುದ್ರಣಕ್ಕೆ ತಂದವರೆಂದು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಅವರನ್ನು ಹೇಳುತ್ತಾರೆ. 1801ರಲ್ಲಿ ಅವರು ತುರ್ಕಿ ಸಾಮ್ರಾಜ್ಯದ ನೆಲವನ್ನು ಏಷ್ಯಾ, ಯುರೋಪ್, ಆಫ್ರಿಕಾ ಎಂದು ವೃತ್ತದಲ್ಲಿ ಮೂರು ಪಾಲು ಮಾಡಿ ತೋರಿಸಿದ್ದರು. ಏಷ್ಯಾದಲ್ಲಿರುವ ನೆಲ ಆಫ್ರಿಕಾದಲ್ಲಿಯೂ ಇರಲು ಸಾಧ್ಯವಿಲ್ಲವಾದ್ದರಿಂದ ಅಲ್ಲಿ ವೃತ್ತ ಒಪ್ಪುತ್ತದೆ. ನಳ್ಳಿಯಿರುವ ಮನೆಯಲ್ಲಿ ಬಾವಿಯೂ ಇರುತ್ತದೆ, ಆದ್ದರಿಂದ ಇಲ್ಲಿ ಒಪ್ಪುವುದಿಲ್ಲ.

ಇದು ಹೇಗಾಯಿತು ಎಂಬುದೂ ತಿಳಿದಿದೆ. ಒಂದಕ್ಕಿಂತ ಹೆಚ್ಚು ಗುರುತಿಗೆ ಅವಕಾಶವಿರುವ ಪ್ರಶ್ನೆಗೆ ಗೂಗಲ್ ಫಾರ್ಮ್ಸ್ ತಾನಾಗಿ ಕೊಡುವುದು ಅಡ್ಡ ಪಟ್ಟಿಗಳ ಸ್ತಂಭಾಲೇಖವನ್ನು, ವೃತ್ತವನ್ನಲ್ಲ. ಅದರ ಶೇಕಡಾವಾರುಗಳನ್ನು ಯಾರೋ ಸದುದ್ದೇಶದಿಂದಲೇ ಬೇರೆ ಹಾಳೆಗೆ ಹಾಕಿ ಪೈ ಚಾರ್ಟ್ ಮಾಡಿದ್ದಾರೆ. ಹೋಳುಗಳ ಮೇಲೆ ಏನು ಬರೆಯಬೇಕು ಎಂಬಲ್ಲಿ Value ಆಯ್ಕೆಯಾಗಿದೆ. Percentage ಆಯ್ಕೆಯಾಗಿದ್ದರೆ ಹೋಳುಗಳ ಮೇಲೆ 35, 32, 17, 12, 4 ಎಂದು ಬಂದು ಮೊತ್ತ ಸರಿಯಾಗಿ 100 ಆಗುತ್ತಿತ್ತು, ಯಾರಿಗೂ ಸಂಶಯ ಬರುತ್ತಿರಲಿಲ್ಲ, ಟ್ಯಾಂಕರ್ ಶೇ. 17 ಎಂದೇ ಮನವಿಯಲ್ಲಿ ಅಚ್ಚಾಗುತ್ತಿತ್ತು. ಈ ದೃಷ್ಟಿಯಿಂದ ಆ 179 ನಮಗೆ ಉಪಕಾರವನ್ನೇ ಮಾಡಿದೆ.

ಅದೇ ಅಂಕಿಗಳ ಸ್ತಂಭಾಲೇಖವನ್ನು ಈ ಬರಹದ ಜೊತೆ ಕಳುಹಿಸಿದ್ದೇನೆ. ಅದರಲ್ಲಿ ಪ್ರತಿ ಪಟ್ಟಿಯೂ 240 ಮನೆಗಳ ಅಳತೆಯಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತದೆ, ಒಂದರ ಉದ್ದ ಇನ್ನೊಂದನ್ನು ಕುಗ್ಗಿಸುವುದಿಲ್ಲ. ವೃತ್ತವೇ ಬೇಕೆನ್ನುವವರಿಗಾಗಿ ಟ್ಯಾಂಕರ್ ತರಿಸುವ 72 ಮನೆಗಳು, ತರಿಸದ 168 ಮನೆಗಳು ಎಂದು ಎರಡೇ ಹೋಳುಗಳ ಇನ್ನೊಂದು ಚಿತ್ರವೂ ಇದೆ. ಒಂದು ಮನೆ ಒಂದೇ ಕಡೆ ಎಣಿಕೆಯಾಗುವುದರಿಂದ ಅಲ್ಲಿ 30 ಮತ್ತು 70 ಸೇರಿ 100 ಆಗುತ್ತದೆ. ಹಳೆಯ ಸ್ಕ್ರೀನ್‌ಶಾಟನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಮನವಿಯ ಕರಡಿನಲ್ಲಿ “ಉತ್ತರಿಸಿದ 240 ಮನೆಗಳಲ್ಲಿ 72 ಮನೆಗಳು ಏಪ್ರಿಲ್–ಮೇ ತಿಂಗಳುಗಳಲ್ಲಿ ಟ್ಯಾಂಕರ್ ನೀರನ್ನು ತರಿಸುತ್ತವೆ, ಅವುಗಳಲ್ಲಿ 44 ಮನೆಗಳಲ್ಲಿ ಬಾವಿಯ ನೀರಿನ ಬಳಕೆಯೂ ಇದೆ” ಎಂಬ ವಾಕ್ಯವನ್ನು ಸೇರಿಸಲು ಸಮಿತಿಯನ್ನು ಕೋರಿದ್ದೇನೆ. ಉತ್ತರ ಪತ್ರಿಕೆಗಳನ್ನು ಸ್ವತಃ ಎಣಿಸಿ ನೋಡಬಯಸುವವರಿಗೆ ಅವು ಭಾನುವಾರದ ಸಭೆಯಲ್ಲಿ ಮೇಜಿನ ಮೇಲಿರುತ್ತವೆ.